ಡೈರಿ ಪುಟದ ಕೆಳಗಿನ ಸಾಲು

ನನಗೆ ಒಂದು ಮಾತು ಹೇಳಿ ಸುಮ್ಮನಾಗುವುದು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಡುವೆ ಒಪ್ಪಿಕೊಂಡರೆ ಯಾಕೆ ನಡುವೆ ಒಪ್ಪಿಕೊಂಡೆ ಎಂದು ಬೇರೆ ವಿವರಿಸಬೇಕಾಗುತ್ತದೆ. ಯಾರಾದರೂ ಟೈಮೆಷ್ಟು ಎಂದು ಕೇಳಿದರೆ ನಾನು ಟೈಮು ಹೇಳುವ ಮೊದಲು ನನ್ನ ಗಡಿಯಾರ ಸ್ವಲ್ಪ ಮುಂದಿದೆ ಎನ್ನುತ್ತೇನೆ, ಯಾಕೆ ಮುಂದಿಟ್ಟಿದ್ದೇನೆ ಎನ್ನುತ್ತೇನೆ, ಅಷ್ಟರಲ್ಲಿ ಕೇಳಿದವರು ತಮ್ಮ ಮೊಬೈಲಿನಲ್ಲಿ ನೋಡಿಕೊಂಡು ಹೋಗಿರುತ್ತಾರೆ. ಇದಕ್ಕೆ ನನ್ನ ಹೊಟ್ಟೆಪಾಡೂ ಸ್ವಲ್ಪ ಕಾರಣ. ಹುಬ್ಬಳ್ಳಿಯ ಪಕ್ಕದ ತಾರಿಹಾಳದಲ್ಲಿ ನೀರಿನ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದೇನೆ. ನೀವು ಪಂಪು ಕೊಂಡಾಗ ಡಬ್ಬಿಯೊಳಗೆ ಒಂದು ತೆಳುವಾದ ಪುಸ್ತಿಕೆ ಇರುತ್ತದಲ್ಲ, ಯಾರೂ ಓದದೆ ಡಬ್ಬಿಯ ಜೊತೆಗೆ ಅಟ್ಟಕ್ಕೆ ಎಸೆಯುತ್ತಾರಲ್ಲ, ಅದನ್ನು ಕನ್ನಡದಲ್ಲಿ ಬರೆಯುವವನು ನಾನೇ. ‘ನೀರಿಲ್ಲದೆ ಪಂಪು ಓಡಿಸಬೇಡಿ’ ಎಂದು ಬರೆದು ನಿಲ್ಲಿಸಿದರೆ ನನಗೆ ಆ ದಿನ ಊಟ ಸೇರುವುದಿಲ್ಲ. ಯಾಕೆ ಓಡಿಸಬಾರದು, ಓಡಿಸಿದರೆ ಯಾವ ಭಾಗ ಸುಡುತ್ತದೆ, ಸುಟ್ಟ ವಾಸನೆ ಬಂದರೆ ಮೊದಲು ಏನು ಮಾಡಬೇಕು, ಎಲ್ಲ ಬರೆಯಲೇಬೇಕು. ಓದದವರಿಗಾಗಿ ಇಷ್ಟು ಕಷ್ಟಪಟ್ಟು ಬರೆಯುವವನು ಇಡೀ ತಾರಿಹಾಳದಲ್ಲಿ ಇನ್ನೊಬ್ಬನಿಲ್ಲ ಎಂದು ನನ್ನ ಹೆಂಡತಿ ಸುಶೀಲಾ ಆಗಾಗ ಹೊಗಳುತ್ತಾಳೆ. ಹೊಗಳಿಕೆ ಎಂದೇ ನಾನು ತಿಳಿದುಕೊಂಡಿದ್ದೇನೆ.

ಇಂಥವನ ಕೈಗೆ ಅವಳು ಮೊನ್ನೆ ಒಂದು ಕೆಲಸ ಕೊಟ್ಟಳು. ಅವಳ ಡೈರಿಯ ಒಂದು ಪುಟದ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಕು, ಅದರ ಕೆಳಗೆ ಒಂದು ಸಾಲು ಬರೆದುಕೊಡಬೇಕು. ಸಾಲು ಹೇಗಿರಬೇಕೆಂದರೆ, ಮನಸ್ಸಿನಲ್ಲಿರುವುದು ಗೊತ್ತಾಗಬೇಕು, ಏನಾಗಿದೆ ಎಂಬುದು ಗೊತ್ತಾಗಬಾರದು. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಹೌದಂತೆ, ಅಷ್ಟೇ ಅಂತೆ. ಪಂಪಿನ ಪುಸ್ತಿಕೆಯಲ್ಲಿ ಹೀಗೆ ಬರೆದರೆ ನನ್ನನ್ನು ಮನೆಗೆ ಕಳಿಸುತ್ತಾರೆ.

ಏನಾಗಿತ್ತು ಎಂಬುದನ್ನು ನಿಮಗಾದರೂ ಹೇಳದಿದ್ದರೆ ನನ್ನ ಜೀವ ತಡೆಯುವುದಿಲ್ಲ. ಸುಶೀಲಾಗೆ ಒಬ್ಬಳೇ ಅಕ್ಕ, ಕರುಣಕ್ಕ. ಇಬ್ಬರೂ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಕರುಣಕ್ಕ ಮದುವೆಯಾಗಿ ಧಾರವಾಡ ಸೇರಿದಳು, ಸುಶೀಲಾ ಮದುವೆಯಾಗಿ ಹುಬ್ಬಳ್ಳಿಯಲ್ಲೇ ಉಳಿದಳು. ನಡುವಿನ ಹಾದಿ ಬಸ್ಸಿನಲ್ಲಿ ಕುಳಿತು ಒಂದು ನಿದ್ದೆ ಮಾಡುವಷ್ಟೂ ಇಲ್ಲ. ಆದರೂ ಧಾರವಾಡದ ನೀರಿಗೆ ಏನೋ ಗುಣವಿದೆ. ಅಲ್ಲಿ ನೆಲೆಸಿದ ವರ್ಷದೊಳಗೆ ಕರುಣಕ್ಕನ ಬಾಯಿಂದ ‘ಐತಿ’ ಹೋಗಿ ‘ಅದ’ ಬಂತು. ತವರಿನಲ್ಲಿ ‘ಮನ್ಯಾಗ ಐತಿ’ ಎನ್ನುತ್ತಿದ್ದವಳು ‘ಮನ್ಯಾಗ ಅದ’ ಎನ್ನತೊಡಗಿದಳು. ಸುಶೀಲಾ ಅದನ್ನು ಹಿಡಿದುಕೊಂಡು ಇಷ್ಟು ವರ್ಷ ಅಕ್ಕನನ್ನು ಕಾಡಿದ್ದಾಳೆ. ಅಕ್ಕ ನಕ್ಕು, ಹುಬ್ಬಳ್ಳಿಯವರ ಮಾತಿನಲ್ಲಿ ದಲಾಲಿ ಬಜಾರಿನ ಧೂಳು ಹಾರುತ್ತದೆ ಎಂದು ತಿರುಗಿ ಕಾಡುತ್ತಾಳೆ. ಇದೆಲ್ಲ ಪ್ರೀತಿಯ ಬಾಬತ್ತು.

ಇಬ್ಬರಿಗೂ ಇನ್ನೊಂದು ನಂಟಿದೆ. ಚಿಕ್ಕಂದಿನಿಂದ ಚರ್ಚಿನ ಕ್ವಾಯರಿನಲ್ಲಿ ಜೋಡಿಯಾಗಿ ಹಾಡಿದವರು. ಕರುಣಕ್ಕ ಮೇಲಿನ ದನಿ, ಸುಶೀಲಾ ಕೆಳಗಿನ ದನಿ. ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ವಿವರಣೆ ಬೇಕು. ಒಂದೇ ಕೀರ್ತನೆಯನ್ನು ಎರಡು ದನಿಯಲ್ಲಿ ಹಾಡುವಾಗ ಮೇಲಿನ ದನಿಯವರ ಬಾಯಲ್ಲಿ ರಾಗ ಇರುತ್ತದೆ, ಕೆಳಗಿನ ದನಿಯವರು ಅದಕ್ಕೆ ಆಸರೆಯಾಗಿ ಬೇರೆಯೇ ಏನನ್ನೋ ಹಾಡುತ್ತಿರುತ್ತಾರೆ. ಎರಡೂ ಕೂಡಿದರೆ ಕೇಳುವವರ ಕಣ್ಣು ತೇವವಾಗುತ್ತದೆ. ಕೆಳಗಿನದೊಂದನ್ನೇ ಕೇಳಿದರೆ ಪಾಪ, ಇವರಿಗೆ ರಾಗ ಮರೆತಿದೆ ಎನಿಸುತ್ತದೆ. ಮದುವೆಯಾದ ಹೊಸದರಲ್ಲಿ ಸುಶೀಲಾ ಅಡುಗೆಮನೆಯಲ್ಲಿ ಹಾಡುವುದನ್ನು ಕೇಳಿ, ಇಷ್ಟು ಅಪಸ್ವರದವಳನ್ನು ಕ್ವಾಯರಿನಲ್ಲಿ ಹೇಗೆ ಇಟ್ಟುಕೊಂಡಿದ್ದಾರೆ ಎಂದು ನಾನು ಒಳಗೊಳಗೇ ಮರುಗಿದ್ದೆ. ಅಕ್ಕ ಬಂದು ಜೊತೆಗೆ ನಿಂತು ಹಾಡಿದ ದಿನ ನನಗೆ ಸತ್ಯ ತಿಳಿಯಿತು.

ಈ ಬೇಸಿಗೆಯಲ್ಲಿ ನಂಟರೊಬ್ಬರ ಮದುವೆಯಲ್ಲಿ ಇಬ್ಬರೂ ಹಾಡಿದರು. ಹಾಡು ಮುಗಿದ ಮೇಲೆ ಯಾರೋ ಹೊಗಳಲು ಬಂದರೆ ಕರುಣಕ್ಕ ಬೀಗರ ಎದುರಿಗೆ, ಸುಶೀ ಯಾವಾಗಲೂ ನನ್ನ ದನಿಯನ್ನು ಕೆಳಗೆ ಎಳೆಯುತ್ತಾಳೆ ಎಂದುಬಿಟ್ಟಳು. ತಮಾಷೆಗೆ ಅಂದದ್ದು. ಆದರೆ ಬೀಗರ ಎದುರಿನ ತಮಾಷೆ ತಮಾಷೆಯಾಗಿ ಉಳಿಯುವುದಿಲ್ಲ. ಮರುದಿನ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಅದೇ ಮಾತು ಬಂತು. ಮೇಲೆ ನಿಂತವರಿಗೆ ಎಲ್ಲರೂ ಕೆಳಗೇ ಕಾಣುತ್ತಾರೆ ಎಂದು ಸುಶೀಲಾ ರೊಟ್ಟಿ ಬಡಿಯುತ್ತಲೇ ಅಂದಳು. ಅಲ್ಲಿಂದ ಮಾತು ತವರಿಗೆ ಹೋಯಿತು, ತಾಯಿ ಯಾರನ್ನು ಹೆಚ್ಚು ಮುದ್ದು ಮಾಡಿದಳೆಂಬಲ್ಲಿಗೆ ಹೋಯಿತು. ಕರುಣಕ್ಕ ಅರ್ಧ ಊಟದಲ್ಲಿ ಎದ್ದು ಕೈತೊಳೆದು ಚೀಲ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತು, ‘ನಾ ಹೋಗ್ತೇನಿ’ ಎಂದು ಹೇಳಿ ಹೊರಟೇಹೋದಳು.

ನಮ್ಮ ಕಡೆ ಯಾರೂ ಹಾಗೆ ಹೇಳುವುದಿಲ್ಲ. ಹಾಲಿನವನೂ ‘ಬರ್ತೇನ್ರಿ’ ಎಂದೇ ಹೋಗುತ್ತಾನೆ. ಮತ್ತೆಂದೂ ಈ ಕಡೆ ತಲೆ ಹಾಕದ ಇನ್ಶೂರೆನ್ಸಿನವನೂ ‘ಬರ್ತೇನ್ರಿ’ ಎಂದೇ ಹೋದ. ಹೋಗುವವರು ಬರುತ್ತೇನೆ ಎನ್ನಬೇಕು, ಅದು ಪದ್ಧತಿ. ಅಕ್ಕ ಬೈದದ್ದನ್ನು ಸುಶೀಲಾ ಸಂಜೆಯೊಳಗೆ ಮರೆತಳು. ಈ ಒಂದು ಮಾತನ್ನು ಮಾತ್ರ ಮರೆಯಲಿಲ್ಲ. ಬೇಸಿಗೆ ಹೋಗಿ ಮಳೆ ಹಿಡಿಯಿತು. ದಿನಾ ಬೆಳಿಗ್ಗೆ ಬರುತ್ತಿದ್ದ ಫೋನು ಬರಲಿಲ್ಲ. ಇವಳೂ ಮಾಡಲಿಲ್ಲ. ನೀನೇ ಒಂದು ಫೋನು ಮಾಡಬಾರದೇ ಎಂದು ನಾನು ಕೇಳಿದೆ. ಫೋನು ಮಾಡಿದರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ ಯಾರದು ತಪ್ಪು ಎಂಬುದು ಬರುತ್ತದೆ, ಬಂದರೆ ಇನ್ನೊಂದು ಜಗಳ ಎಂದಳು. ಅದರಲ್ಲಿ ಅರ್ಥವಿತ್ತು. ಆದರೆ ಅವಳು ಹಾಡುವುದನ್ನೇ ಬಿಟ್ಟಾಳೆಂಬ ಹೆದರಿಕೆ ನನಗೆ ಹತ್ತಿತ್ತು. ಕ್ವಾಯರಿನ ಅಭ್ಯಾಸಕ್ಕೆ ಗಂಟಲು ನೋವು ಎಂದು ಹೋಗದೆ ಉಳಿಯತೊಡಗಿದ್ದಳು. ಗಂಟಲಿಗೆ ಏನೂ ಆಗಿರಲಿಲ್ಲ, ನನ್ನನ್ನು ಬೈಯುವಾಗ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅವಳು ಡೈರಿಯ ಪುಟ ತೆರೆದು ನನ್ನ ಮುಂದೆ ಇಟ್ಟಳು. ಸುಶೀಲಾ ಡೈರಿ ಬರೆಯುತ್ತಾಳೆಂದು ನನಗೆ ಗೊತ್ತಿತ್ತು. ಓದಲು ಕೊಟ್ಟದ್ದು ಇದೇ ಮೊದಲು. ನೀಲಿ ಶಾಯಿಯ ದುಂಡು ಅಕ್ಷರದಲ್ಲಿ ಇಷ್ಟಿತ್ತು: ‘ಹಾಲು ಉಕ್ಕಿತು. ಒಲಿ ಒರಸಕೋತ ಕೀರ್ತನಿ ಹಾಡಿದೆ, ಕೆಳಗಿನ ದನಿ. ಅದೊಂದನ್ನ ಹಾಡಿದ್ರ ಯಾವ ಕೀರ್ತನಿ ಅಂತ ಯಾರಿಗೂ ತಿಳಿಯೂದಿಲ್ಲ. ನಡುವ ನಿಂತು ಕೇಳಿದೆ. ಮೇಲಿನ ದನಿ ಬರಲಿಲ್ಲ. ನಾಳಿಗೆ ಜ್ವಾಳ ಬೀಸಿಸಬೇಕು.’

ನಾನು ಪೆನ್ನು ಹಿಡಿದು ತಿದ್ದಲು ಹೋಗದೆ ಎರಡು ಸಲ ಓದಿದೆ. ನನ್ನ ಮಟ್ಟಿಗೆ ಅದು ದೊಡ್ಡ ಮೆಚ್ಚುಗೆ. ಆಮೇಲೆ ಇದನ್ನು ಅಕ್ಕನಿಗೇ ಕಳಿಸಿಬಿಡು ಎಂದೆ. ಬೇಡವಂತೆ. ಸ್ಟೇಟಸ್ಸಿಗೆ ಹಾಕಬೇಕಂತೆ. ಸ್ಟೇಟಸ್ಸಿನಲ್ಲಿ ಅಕ್ಕನೊಬ್ಬಳಿಗೇ ಕಾಣುವಂತೆ ಮಾಡಲು ಬರುತ್ತದೆ, ಅಲ್ಲಿ ಯಾರ ಯಾರಿಗೆ ತೋರಿಸಬೇಕು ಎಂದು ಆರಿಸುವ ಜಾಗವಿದೆ ಎಂದು ನಾನು ನನ್ನ ತಾಂತ್ರಿಕ ಜ್ಞಾನ ಪ್ರದರ್ಶಿಸಿದೆ.

“ಒಬ್ಬಾಕಿಗೇ ಹಾಕಿದ್ರ ಅದು ಸ್ಟೇಟಸ್ ಅಲ್ರಿ, ಅರ್ಜಿ,” ಎಂದಳು ಸುಶೀಲಾ. “ಎಲ್ಲಾರೂ ನೋಡ್ಲಿ. ಆಕಿಗೆ ಮಾತ್ರ ತಿಳೀಲಿ.”

ಅಲ್ಲಿಗೆ ಕೆಲಸದ ಕಷ್ಟ ನನಗೆ ಪೂರ್ತಿ ಅರ್ಥವಾಯಿತು. ಸುಶೀಲಾಳ ಮೊಬೈಲಿನಲ್ಲಿ ನಂಟರು, ಚರ್ಚಿನವರು, ಅವಳು ಕೆಲಸ ಮಾಡುವ ಶಾಲೆಯ ಟೀಚರುಗಳು, ಗಿರಣಿಯವನು, ಎಲ್ಲರೂ ಇದ್ದಾರೆ. ಜಗಳದ ವಾಸನೆ ಹತ್ತಿದರೆ ನಂಟರು ರಾಜಿ ಮಾಡಿಸಲು ಹೊರಡುತ್ತಾರೆ. ನಮ್ಮಲ್ಲಿ ರಾಜಿ ಎಂದರೆ ಎರಡೂ ಕಡೆಯವರನ್ನು ಒಂದೆಡೆ ಕೂಡಿಸಿ ಮರೆತುಹೋದ ಮಾತನ್ನೆಲ್ಲ ನೆನಪಿಸುವುದು. ಅದೇನಾದರೂ ಆದರೆ ಕರುಣಕ್ಕ ಮತ್ತೆ ನಮ್ಮ ಹೊಸ್ತಿಲು ತುಳಿಯುವುದಿಲ್ಲ.

ಮೊದಲು ಫೋಟೋ ತೆಗೆಯುವ ಕೆಲಸ. ಅದೂ ಸುಲಭವಲ್ಲ ಎಂದು ಮಾಡುವಾಗ ತಿಳಿಯಿತು. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಪುಟದ ಮೇಲೆ ನನ್ನ ಕೈಯ ಮತ್ತು ಮೊಬೈಲಿನ ಕರಿ ನೆರಳು. ಕಿಟಕಿಯ ಹತ್ತಿರ ಮೇಜು ಎಳೆದು ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟೆವು. ಆಗ ಅಕ್ಷರ ಚೆನ್ನಾಗಿ ಬಂತು, ಆದರೆ ಕಾಗದ ತೆಳುವಾದ್ದರಿಂದ ಹಿಂದಿನ ಪುಟದ ಬರಹವೂ ಉಲ್ಟಾ ಮೂಡಿತು. ಅದರ ಹಿಂದೆ ಒಂದು ಕರಿ ಹಾಳೆ ಸೇರಿಸಿದಾಗ ಅದು ಮಾಯವಾಯಿತು. ನಾನು ಕಾರ್ಖಾನೆಯ ರೂಢಿಯಂತೆ ಅಳತೆ ತಿಳಿಯಲೆಂದು ಪಕ್ಕದಲ್ಲಿ ಸ್ಟೀಲ್ ಪಟ್ಟಿ ಇಟ್ಟಿದ್ದೆ. ಸುಶೀಲಾ ಅದನ್ನು ಎತ್ತಿ ಬದಿಗಿಟ್ಟಳು. ಕಾಲೇಜಿಗೆ ಹೋಗುವ ನಮ್ಮ ಮಗಳು ಶರೋನಾ ಬಂದು ಪುಟದ ಪಕ್ಕ ಕಾಫಿ ಕಪ್ಪು, ಒಂದು ಒಣಗಿದ ಹೂ ಇಡಬೇಕು, ಎಲ್ಲರೂ ಹಾಗೇ ಇಡುತ್ತಾರೆ ಎಂದಳು. ಚಹಾ ಕುಡಿಯುವ ಮನೆಯಲ್ಲಿ ಕಾಫಿ ಕಪ್ಪು ಇಟ್ಟರೆ ಅಕ್ಕನಿಗೆ ಅನುಮಾನ ಬರುತ್ತದೆ ಎಂದು ಅವಳ ತಾಯಿ ಅದನ್ನೂ ತಳ್ಳಿಹಾಕಿದಳು.

ನಾನು ತೆಗೆದ ಫೋಟೋದಲ್ಲಿ ಎಡಗಡೆಯ ಪುಟದ ಒಂದು ಅಂಚೂ ಬಂದಿತ್ತು. ಜನ ಇಂಥ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಅಂಚಿನಲ್ಲಿದ್ದದ್ದನ್ನೇ ಮೊದಲು ಓದುತ್ತಾರೆ ಎಂದು ಶರೋನಾ ಎಚ್ಚರಿಸಿದಳು. ನಾನೂ ಹಿಗ್ಗಿಸಿ ಓದಿದೆ. ಸಾಲುಗಳ ಬಾಲ ಮಾತ್ರ ಕಾಣುತ್ತಿತ್ತು: ‘...ಇವರಿಗೆ ಕೇಳಿದ್ದ ತಪ್ಪಾತು’, ಅದರ ಕೆಳಗೆ ‘...ಇನ್ನೂ ಮುಗಿಸಿಲ್ಲ’. ಇದೇನು ಎಂದು ಕೇಳಿದೆ. ಅದಕ್ಕೇ ಕತ್ತರಿಸಬೇಕು ಎಂದಳು ಸುಶೀಲಾ. ಕತ್ತರಿಸಿದೆವು. ಕೊನೆಗೆ ಜೋಳ ಬೀಸಿಸುವ ಸಾಲನ್ನೂ ಕತ್ತರಿಸಿದರೆ ಪುಟ ಚೆಂದ ಕಾಣುತ್ತದೆ ಎಂದು ನಾನು ಮತ್ತು ಮಗಳು ಇಬ್ಬರೂ ವಾದಿಸಿದೆವು. ಸುಶೀಲಾ ಒಪ್ಪಲಿಲ್ಲ. ಅದು ಹೋದರೆ ನಾನು ಯಾರಿಗೋ ತೋರಿಸಲೆಂದೇ ಬರೆದ ಹಾಗೆ ಕಾಣುತ್ತದೆ, ಅದು ಇದ್ದರೆ ನಾನು ನಾನಾಗಿರುತ್ತೇನೆ ಎಂದಳು. ಜೋಳ ಉಳಿಯಿತು.

ಇನ್ನು ಕ್ಯಾಪ್ಶನ್. ನಾನು ಕನ್ನಡಕ ಒರೆಸಿಕೊಂಡು ಕುಳಿತು ಮೊದಲ ಪ್ರಯತ್ನ ಬರೆದೆ: ‘ಮೇಲಿನ ಚಿತ್ರದಲ್ಲಿ ಇರುವುದು ನನ್ನ ದಿನಚರಿಯ ಒಂದು ಪುಟ. ಇದರಲ್ಲಿ ಕೆಳಗಿನ ದನಿ ಮತ್ತು ಮೇಲಿನ ದನಿಯ ಸಂಬಂಧವನ್ನು ವರ್ಣಿಸಲಾಗಿದೆ.’ ಸುಶೀಲಾ ಓದಿ, ಇದು ಪಂಪಿನ ಡಬ್ಬಿಯೊಳಗೆ ಹಾಕುವುದಕ್ಕೆ ಚೆನ್ನಾಗಿದೆ ಎಂದಳು. ಪುಟದಲ್ಲಿ ಏನಿದೆ ಎಂದು ಕೆಳಗೆ ಮತ್ತೆ ಹೇಳಿದರೆ ಯಾರಾದರೂ ಪುಟವನ್ನು ಯಾಕೆ ಓದುತ್ತಾರೆ ಎಂದಳು ಶರೋನಾ. ಪುಟ ಹೇಳಿದ್ದನ್ನು ಕ್ಯಾಪ್ಶನ್ ಹೇಳಬಾರದು, ಪುಟದ ಪಕ್ಕ ಬಂದು ನಿಲ್ಲಬೇಕು ಅಷ್ಟೇ ಅಂತೆ. ಅದೂ ಅಲ್ಲದೆ ಉದ್ದ ಬರೆದರೆ ಮೊಬೈಲು ಅದನ್ನು ಅರ್ಧಕ್ಕೆ ಕತ್ತರಿಸಿ ‘ಇನ್ನಷ್ಟು ಓದಿ’ ಎಂದು ತೋರಿಸುತ್ತದೆ, ಅದನ್ನು ಒತ್ತಿ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ, ಸ್ಟೇಟಸ್ಸು ಕೆಲವೇ ಸೆಕೆಂಡಿನಲ್ಲಿ ಮುಂದಿನವರದಕ್ಕೆ ಜಿಗಿಯುತ್ತದೆ ಎಂದೂ ತಿಳಿಸಿದಳು.

ಹಾಗಾದರೆ ಏನನ್ನೂ ಹೇಳದಿರುವುದೇ ವಾಸಿ ಎಂದು ನಾನು ಎದುರು ದಿಕ್ಕಿಗೆ ಓಡಿದೆ. ಎರಡನೆಯ ಪ್ರಯತ್ನ: ‘ಕೆಲವು ನೋವುಗಳಿಗೆ ಹೆಸರಿಲ್ಲ...’ ಮೂರು ಚುಕ್ಕೆಗಳನ್ನು ವಿಶೇಷ ಕಾಳಜಿಯಿಂದ ಇಟ್ಟಿದ್ದೆ.

“ಇದನ್ನ ಹಾಕಿದ್ರ ಸಂಜಿಯೊಳಗ ಮಂದಿ ಬ್ರೆಡ್ಡು ಹಣ್ಣು ತೊಗೊಂಡು ನೋಡಾಕ ಬರ್ತಾರ,” ಎಂದಳು ಸುಶೀಲಾ. “ಎಲ್ಲಿ ನೋವು ಅಂತ ಕೇಳಿದ್ರ ಏನ್ ತೋರಸ್ಲಿ?”

ಅದೂ ನಿಜ. ಏನೂ ಹೇಳದ ಕ್ಯಾಪ್ಶನ್ ಇನ್ನೊಂದು ಬಗೆಯ ಡಂಗುರ. ನಾನು ಹೇಳುವುದಿಲ್ಲ, ನೀವು ಕೇಳಿ ಎಂದು ಜನರ ಕೈ ಹಿಡಿದು ಎಳೆಯುತ್ತದೆ. ಶರೋನಾ ಪದವೇ ಬೇಡ, ಒಂದು ಒಡೆದ ಹೃದಯದ ಚಿತ್ರ ಹಾಕಿಬಿಡಿ ಎಂದಳು. ಅದನ್ನು ಹಾಕಿದರೆ ಚರ್ಚಿನ ಸಭಾಪಾಲಕರು ನೇರ ನನ್ನ ಹತ್ತಿರ ಬಂದು ಸಂಸಾರ ಹೇಗೆ ನಡೆದಿದೆ ಎಂದು ವಿಚಾರಿಸುತ್ತಾರೆ ಎಂದು ನಾನು ಬಲವಾಗಿ ವಿರೋಧಿಸಿದೆ. ‘ಮೇಲಿನ ದನಿಯವರ ಗಮನಕ್ಕೆ’ ಎಂಬ ನನ್ನ ಮೂರನೆಯ ಪ್ರಯತ್ನವನ್ನು ಸುಶೀಲಾ ಪೂರ್ತಿ ಓದಲೂ ಇಲ್ಲ.

ಆಗ ನನಗೆ ಸಿಟ್ಟು ಬಂತು. ಮೊಬೈಲು ಇಸಿದುಕೊಂಡು ವರಾಂಡಕ್ಕೆ ಹೋಗಿ ಒಂದೇ ಉಸಿರಿಗೆ ನನ್ನ ಮನಸ್ಸಿಗೆ ಬಂದದ್ದನ್ನೆಲ್ಲ ಸುಶೀಲಾಳೇ ಹೇಳುತ್ತಿರುವ ಹಾಗೆ ಬರೆದೆ. ತವರಿನಿಂದ ಶುರುಮಾಡಿದೆ. ಇಬ್ಬರೂ ಒಂದೇ ಪುಸ್ತಕ ಹಿಡಿದು ಹಾಡುತ್ತಿದ್ದದ್ದು, ಅಕ್ಕ ಪುಟ ತಿರುವುತ್ತಿದ್ದದ್ದು, ಮದುವೆ ಮನೆಯ ಮಾತು, ಮರುದಿನದ ಊಟ, ಅರ್ಧಕ್ಕೆ ಬಿಟ್ಟ ರೊಟ್ಟಿ. ಕೊನೆಗೆ ಹೊಸ್ತಿಲಿಗೆ ಬಂದು ನಿಂತೆ. ಅಕ್ಕ ‘ಹೋಗ್ತೇನಿ’ ಅಂದಳು, ‘ಬರ್ತೇನಿ’ ಅನ್ನೂದು ಉಳಿದಿದೆ ಎಂದು ಬರೆದೆ. ಇನ್ನೂ ಬರೆಯುವವನಿದ್ದೆ, ಸುಶೀಲಾ ಬಂದು ಮೊಬೈಲು ತೆಗೆದುಕೊಂಡಳು.

ಅವಳು ಮೇಲಿನಿಂದ ಕೆಳಗಿನವರೆಗೆ ಓದಿದಳು. ನನ್ನ ಪಕ್ಕ ಕುಳಿತು ಮೊದಲಿನಿಂದ ಅಳಿಸತೊಡಗಿದಳು. ತವರು ಹೋಯಿತು. ಪುಸ್ತಕ ಹೋಯಿತು. ಅಷ್ಟು ಚೆನ್ನಾಗಿ ಬಂದಿದ್ದ ರೊಟ್ಟಿಯ ಭಾಗವನ್ನಾದರೂ ಉಳಿಸು ಎಂದು ನಾನು ಬೇಡಿಕೊಂಡೆ, ಅದೂ ಹೋಯಿತು. ಅಕ್ಕ ಎಂಬ ಶಬ್ದ ಕೂಡ ಹೋಯಿತು. ಕೊನೆಗೆ ‘ಬರ್ತೇನಿ ಅನ್ನೂದು ಉಳಿದಿದೆ’ ಎಂಬಷ್ಟೇ ಉಳಿಯಿತು. ಅದನ್ನು ಅವಳು ಸ್ವಲ್ಪ ಹೊತ್ತು ನೋಡಿ, ‘ಉಳಿದಿದೆ’ ಅಳಿಸಿದಳು. ಯಾರು ಮಾತಾಡುತ್ತಾರೆ ಹಾಗೆ ಎಂದಳು. ‘ಉಳದದ’ ಎಂದು ಹಾಕು, ಅಕ್ಕನಿಗೆ ಹಿಡಿಸುತ್ತದೆ ಎಂದೆ ನಾನು. ಅವಳು ತಲೆ ಅಲ್ಲಾಡಿಸಿ ಬರೆದಳು: ‘ಬರ್ತೇನಿ ಅನ್ನೂದು ಉಳದೈತಿ’.

“ಅವ್ವನ ಮನ್ಯಾಗ ನಾವಿಬ್ರೂ ಹಿಂಗ ಮಾತಾಡ್ತಿದ್ವಿ,” ಎಂದಳು.

ಕೊನೆಗೆ ಒಂದು ಪೂರ್ಣವಿರಾಮವಾದರೂ ಇಡು, ವಾಕ್ಯ ಮುಗಿದದ್ದು ತಿಳಿಯಬೇಡವೇ ಎಂದೆ. ಮುಗಿದಿಲ್ಲವಲ್ಲ ಎಂದಳು. ಹಾಗಾದರೆ ಮೂರು ಚುಕ್ಕೆ ಇಡು ಎಂದೆ. ಚುಕ್ಕೆ ಇಟ್ಟರೆ ಜನ ಏನು ಉಳಿದಿದೆ ಎಂದು ಕೇಳುತ್ತಾರೆ ಎಂದಳು. ಏನನ್ನೂ ಇಡದೆ ಕಳಿಸುವ ಬಾಣದ ಗುರುತನ್ನು ಒತ್ತಿಯೇಬಿಟ್ಟಳು. ನಾನು ಅಷ್ಟು ಹೊತ್ತು ಕುಳಿತು ಬರೆದದ್ದರಲ್ಲಿ ಮೂರು ಪದ ಉಳಿದಿದ್ದವು, ಅದರಲ್ಲೂ ಒಂದನ್ನು ಅವಳು ತಿದ್ದಿದ್ದಳು.

ಸ್ಟೇಟಸ್ಸು ಒಂದು ದಿನ ಮಾತ್ರ ಇರುತ್ತದೆ, ಆಮೇಲೆ ತಾನಾಗಿ ಮಾಯವಾಗುತ್ತದೆ. ಆ ಒಂದು ದಿನದಲ್ಲಿ ಯಾರು ಯಾರು ನೋಡಿದರು ಎಂದು ಕೆಳಗೆ ಕಣ್ಣಿನ ಗುರುತು ಒತ್ತಿ ನೋಡಬಹುದು. ನಾವು ಚರ್ಚಿಗೆ ಹೋಗಿ ಬಂದು ಒತ್ತಿದೆವು. ಗಿರಣಿಯವನು ನೋಡಿದ್ದ. ಸಭಾಪಾಲಕರ ಹೆಂಡತಿ ನೋಡಿದ್ದರು. ಸುಶೀಲಾಳ ಬೆಳಗಾವಿಯ ಕಾಕಾ ನೋಡಿದ್ದರು. ಕರುಣಕ್ಕನ ಹೆಸರಿರಲಿಲ್ಲ. ಊಟವಾದ ಮೇಲೆ ಒತ್ತಿದೆವು, ಇರಲಿಲ್ಲ. ಅಕ್ಕ ನೀಲಿ ಟಿಕ್ಕು ಬಂದ್ ಮಾಡಿ ಇಟ್ಟಿದ್ದರೆ ಅವಳು ನೋಡಿದರೂ ಇಲ್ಲಿ ಹೆಸರು ಬರುವುದಿಲ್ಲ ಎಂದು ಶರೋನಾ ಹೇಳಿದಳು. ಧಾರವಾಡಕ್ಕೆ ಹೋದವಳು ಅದನ್ನೂ ಬಂದ್ ಮಾಡಿರಬಹುದು ಎಂದಳು ಸುಶೀಲಾ. ನಗುತ್ತಲೇ ಹೇಳಿದಳು, ಆದರೆ ಮೊಬೈಲನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಓಡಾಡಿದಳು.

ಉಳಿದವರ ಉತ್ತರಗಳು ಮಾತ್ರ ಧಾರಾಳವಾಗಿ ಬಂದವು. ಗಿರಣಿಯವನು, ಜೋಳ ನಾಳೆ ತರಬೇಡಿ, ಮೋಟಾರು ಕೆಟ್ಟಿದೆ ಎಂದು ಬರೆದಿದ್ದ. ಸಭಾಪಾಲಕರ ಹೆಂಡತಿ, ನಿಮ್ಮ ಗಂಟಲಿಗಾಗಿ ಪ್ರಾರ್ಥಿಸುತ್ತೇವೆ ಎಂದಿದ್ದರು. ಸುಶೀಲಾಳ ಶಾಲೆಯ ಒಬ್ಬ ಟೀಚರು, ಅಷ್ಟೇನೂ ಬಳಕೆಯಿಲ್ಲದವರು, ‘ನನಗೂ ಒಬ್ಬಾಕಿ ಹಿಂಗ ಹೇಳದ ಹೋಗ್ಯಾಳ್ರಿ, ಕಾಲೇಜಿನ ಗೆಳತಿ. ನಿಮ್ಮ ಸಾಲು ಓದಿ ನೆನಪಾತು’ ಎಂದು ಬರೆದಿದ್ದರು. ಅವರಿಗೆ ನಮ್ಮ ಮನೆಯ ವಿಷಯ ಒಂದಿಷ್ಟೂ ಗೊತ್ತಿಲ್ಲ. ಗೊತ್ತಿಲ್ಲದೆಯೂ ಸರಿಯಾಗಿ ತಿಳಿದಿತ್ತು. ಸುಶೀಲಾ ಅದನ್ನು ನನಗೆ ಎರಡು ಸಲ ಓದಿ ತೋರಿಸಿದಳು. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ನಾನು ಬರೆದ ಪುಸ್ತಿಕೆ ಓದಿ ಇವತ್ತಿನವರೆಗೆ ಯಾರಿಗೂ ಏನೂ ನೆನಪಾಗಿಲ್ಲ.

ಕಷ್ಟ ಬಂದದ್ದು ಬೆಳಗಾವಿಯ ಕಾಕಾನಿಂದ. ಅವರು ನಮ್ಮ ನಂಟರ ವಾಟ್ಸಾಪ್ ಗುಂಪಿನಲ್ಲಿ, ಎಲ್ಲರೂ ನೋಡುವಂತೆ, ಸುಶೀಲಾ ಎಲ್ಲಿಗೆ ಹೊರಟಿದ್ದಾಳೆ, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ನನ್ನನ್ನು ಹೆಸರು ಹಿಡಿದು ಕೇಳಿದರು. ಸುಶೀಲಾ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಹಿರಿಯರು ಕೇಳಿದಾಗ ಉತ್ತರ ಕೊಡದಿರುವುದು ಮರ್ಯಾದೆಯಲ್ಲ. ನಾನು ಚಿಕ್ಕದಾಗಿಯೇ, ನಾಲ್ಕು ಪ್ಯಾರಾಗಳಲ್ಲಿ, ‘ಬರ್ತೇನಿ’ ಎಂಬ ಪದ್ಧತಿ, ಅದನ್ನು ಹೇಳದೆ ಹೋದರೆ ಆಗುವ ನೋವು, ಇದರಲ್ಲಿ ಯಾರ ತಪ್ಪೂ ಇಲ್ಲ, ಅಥವಾ ಇಬ್ಬರದೂ ಇದೆ ಎಂಬುದನ್ನು ವಿವರಿಸಿ ಕಳಿಸಿದೆ. ಕಳಿಸಿದ ಮೇಲೆ ನೆನಪಾಯಿತು, ಆ ಗುಂಪಿನಲ್ಲಿ ಕರುಣಕ್ಕನೂ ಇದ್ದಾಳೆ. ಗಡಿಬಿಡಿಯಲ್ಲಿ ಎಲ್ಲರಿಗೂ ಅಳಿಸು ಎಂಬುದನ್ನು ಒತ್ತಿದೆ. ಸಂದೇಶ ಹೋಯಿತು, ಅದರ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದು ಬಂದು ಕುಳಿತಿತು. ಅದನ್ನು ಅಳಿಸಲು ಬರುವುದಿಲ್ಲ. ಅಲ್ಲಿಯವರೆಗೆ ನಿದ್ದೆ ಮಾಡುತ್ತಿದ್ದ ಗುಂಪು ಪೂರ್ತಿ ಎಚ್ಚರಾಯಿತು. ಏನು ಅಳಿಸಿದಿರಿ, ಯಾಕೆ ಅಳಿಸಿದಿರಿ, ಫೋನು ಮಾಡಲೇ ಎಂದು ಒಬ್ಬರ ಹಿಂದೊಬ್ಬರು ಕೇಳತೊಡಗಿದರು.

ಸುಶೀಲಾ ಬಟ್ಟೆಯ ರಾಶಿ ಹೊತ್ತು ಒಳಗೆ ಬಂದಳು, ನನ್ನ ಮುಖ ನೋಡಿದಳು, ತನ್ನ ಮೊಬೈಲು ನೋಡಿದಳು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬಟ್ಟೆಯನ್ನು ಮಂಚದ ಮೇಲೆ ಹಾಕಿ ಒಂದೊಂದೇ ಮಡಚುತ್ತ ಕುಳಿತಳು.

“ಒಂದ್ ದಿನ ಸುಮ್ನಿರಾಕ ಆಗ್ಲಿಲ್ಲೇನ್ರಿ ನಿಮಗ,” ಎಂದಳು. “ಇನ್ನ ಆಕಿ ಬರೂದಿಲ್ಲ.”

ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿ ದುಃಖವಾಯಿತು, ನನ್ನ ಮೇಲೆ ನನಗೇ ಅಸಹ್ಯವಾಯಿತು. ಸಮಾಧಾನ ಹೇಳಲು ಬಾಯಿ ತೆರೆದೆ, ಅದೂ ಒಂದು ವಿವರಣೆಯೇ ಆಗುತ್ತದೆಂದು ಮುಚ್ಚಿದೆ. ಪಕ್ಕದಲ್ಲಿ ಕುಳಿತು ನಾನೂ ಒಂದು ದಿಂಬಿನ ಚೀಲ ಮಡಚಿದೆ. ಅವಳು ಅದನ್ನು ಬಿಚ್ಚಿ ಮತ್ತೆ ಮಡಚಿದಳು.

ಆಗ ಅವಳ ಮೊಬೈಲು ಸದ್ದು ಮಾಡಿತು. ಮತ್ತೆ ಕಾಕಾ ಎಂದುಕೊಂಡು ಅವಳು ನೋಡಲೂ ಇಲ್ಲ. ನಾನು ಬಗ್ಗಿ ನೋಡಿದೆ. ಸ್ಟೇಟಸ್ಸಿಗೆ ಯಾರಾದರೂ ಉತ್ತರ ಬರೆದರೆ ಅದು ಸಣ್ಣ ಫೋಟೋ ಸಮೇತ ಬರುತ್ತದೆ. ಮೇಲೆ ಅಂಗುಲದಷ್ಟು ಡೈರಿಯ ಪುಟ, ಅದರ ಕೆಳಗೆ ಕರುಣಕ್ಕನ ಉತ್ತರ: ‘ಬರ್ತೇನಿ. ಜ್ವಾಳ ಬೀಸಿಸಬ್ಯಾಡ, ನಮ್ಮನ್ಯಾಗ ಹಿಟ್ಟು ಐತಿ, ತರ್ತೇನಿ’.

ಸುಶೀಲಾ ಅದನ್ನು ಓದಿದಳು. ಬೆರಳಿನಿಂದ ‘ಐತಿ’ ಎಂಬುದನ್ನು ಮುಟ್ಟಿ ನನಗೆ ತೋರಿಸಿದಳು, ಆಮೇಲೆ ಮಡಚಿದ ದಿಂಬಿನ ಚೀಲದಲ್ಲೇ ಮುಖ ಒರೆಸಿಕೊಂಡು ನಗತೊಡಗಿದಳು. ಯಾವಾಗ ಬರುತ್ತಾಳಂತೆ, ಊಟಕ್ಕೋ ಚಹಾಕ್ಕೋ, ಕೇಳು ಎಂದು ನಾನು ಅಂದೆ. ಕೇಳಲಿಲ್ಲ. ‘ಬಾ’ ಎಂದು ಒಂದೇ ಅಕ್ಷರ ಬರೆದು ಅಡುಗೆಮನೆಗೆ ಹೋದಳು. ಒಳಗಿನಿಂದ ಬಹಳ ದಿನಗಳ ಮೇಲೆ ಆ ಅಪಸ್ವರದ ಹಾಡು ಕೇಳಿಸಿತು. ನನಗೆ ಅಷ್ಟು ಇಂಪಾಗಿ ಅದು ಎಂದೂ ಕೇಳಿಸಿರಲಿಲ್ಲ.

ಮರುದಿನ ಸಂಜೆ ಕರುಣಕ್ಕ ಬಂದಳು. ಒಂದು ಕೈಯಲ್ಲಿ ಹಿಟ್ಟಿನ ಡಬ್ಬಿ, ಇನ್ನೊಂದು ಕೈಯಲ್ಲಿ ಪೇಡೆ. ಜಗಳದ ಮಾತನ್ನು ಇಬ್ಬರೂ ಎತ್ತಲಿಲ್ಲ. ರೊಟ್ಟಿ ಬಡಿಯುವುದು, ಬೇಯಿಸುವುದು ಎಂದು ಕೆಲಸ ಹಂಚಿಕೊಂಡು ಒಲೆಯ ಮುಂದೆ ನಿಂತು ಹಾಡಿದರು. ಮೇಲಿನದು ಕೆಳಗಿನದು ಎರಡೂ ಸೇರಿ ಆ ಕೀರ್ತನೆ ಯಾವುದೆಂದು ಪಕ್ಕದ ಮನೆಯವರಿಗೂ ತಿಳಿಯಿತು. ಊಟಕ್ಕೆ ಕುಳಿತಾಗ ಕರುಣಕ್ಕ ತಾನಾಗಿಯೇ ಸ್ಟೇಟಸ್ಸಿನ ಮಾತು ತೆಗೆದಳು. ಬೆಳಿಗ್ಗೆಯೇ ನೋಡಿದ್ದಳಂತೆ. ಇಡೀ ದಿನ ಆ ಸಾಲು ತಲೆಯಲ್ಲಿ ಕುಳಿತಿತ್ತಂತೆ. ಉತ್ತರ ಬರೆಯುವುದು, ಅಳಿಸುವುದು, ಹೀಗೇ ಸಂಜೆಯಾಯಿತಂತೆ. ಗುಂಪಿನಲ್ಲಿ ನಾನು ಅಳಿಸಿದ್ದರ ಗುರುತನ್ನೂ ನೋಡಿದ್ದಳು. ಅದರಲ್ಲಿ ಏನಿತ್ತೆಂದು ತನಗೆ ಬೇಕಿರಲಿಲ್ಲ, ಆದರೆ ಇನ್ನು ತಡಮಾಡಿದರೆ ಇವರು ಮತ್ತೆ ಬರೆಯುತ್ತಾರೆ ಎಂದು ಹೆದರಿ ಉತ್ತರ ಕಳಿಸಿಬಿಟ್ಟಳಂತೆ. ಹೀಗೆ ನಾನೂ ಒಂದು ಉಪಕಾರ ಮಾಡಿದಂತಾಯಿತು.

“ಸುಶೀ, ಆ ಸಾಲು ಭಾಳ ಛಲೋ ಬರದಿ,” ಎಂದಳು ಕರುಣಕ್ಕ. ಆಮೇಲೆ ನನ್ನ ಕಡೆ ತಿರುಗಿದಳು. “ಸಿಟ್ಟಾಗಬ್ಯಾಡ್ರಿ ಜಯವಂತ. ಅದನ್ನ ನೀವು ಬರದಿದ್ರ ನಾ ಇನ್ನೂ ‘ಇನ್ನಷ್ಟು ಓದಿ’ ಒತ್ತಕೋತ ಧಾರವಾಡದಾಗ ಕುಂತಿರ್ತಿದ್ದೆ.”

ಸುಶೀಲಾ ತಟ್ಟೆಯತ್ತ ನೋಡಿಕೊಂಡು ನಗುತ್ತಿದ್ದಳು. ಆ ಸಾಲಿನ ಮೂರು ಪದಗಳಲ್ಲಿ ಎರಡು ನನ್ನವು ಎಂದು ಹೇಳಬಹುದಿತ್ತು. ವರಾಂಡ, ಸಿಟ್ಟು, ಅಳಿಸಿಹೋದ ರೊಟ್ಟಿ, ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು. ಸುಶೀಲಾ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಬಾಯಿ ತುಂಬ ತುಂಬಿಕೊಂಡೆ. ನನ್ನ ಜೀವನದಲ್ಲೇ ಮೊದಲ ಬಾರಿಗೆ, ಹೇಳಬೇಕಾದದ್ದು ಅಷ್ಟೊಂದು ಇದ್ದಾಗ, ಏನನ್ನೂ ವಿವರಿಸದೆ ಊಟ ಮುಗಿಸಿ ಎದ್ದೆ. ಕರುಣಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ನಿಮಗೆ ಗೊತ್ತಾದದ್ದು ಯಾಕೆಂದರೆ, ಆ ದಿನ ನುಂಗಿಕೊಂಡದ್ದು ನನಗೆ ಇನ್ನೂ ಕರಗಿಲ್ಲ.